ಪ್ರಶ್ನೆಯೊಳಗೆ ಉತ್ತರ ಇಡಬಾರದು

ಇದು ಈ ಜನ್ಮದಲ್ಲಿ ಆಗುವ ಮಾತಲ್ಲ ಎಂದು ಹೇಳಿದವನು ನನ್ನ ಅಪ್ಪ. ಹೊರಗಿನವರು ಅಂದಿದ್ದರೆ ಮನಸ್ಸಿನಲ್ಲೇ ಬೈದು ಸುಮ್ಮನಾಗಬಹುದಿತ್ತು. ಅಪ್ಪನೇ ಅಂದ. ಚೆನ್ನೈನ ಪೆರಂಬೂರಿನ ನಮ್ಮ ಬಾಡಿಗೆ ಮನೆಯ ಹೊಸ್ತಿಲ ಮೇಲೆ ಕೂತು, ಕೈಗೆ ಮೆತ್ತಿದ ಬಣ್ಣವನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತ ಅಂದ.

"ಡಾಕ್ಟ್ರು ಬರ್ದಿದ್ದ ಡಾಕ್ಟ್ರೇ ಓದಕ್ಕಾಗಕಿಲ್ಲ, ನೀನು ಓದ್ಬುಟ್ಟೀಯಾ? ಅದೂ ಅಮೆರಿಕದ ಡಾಕ್ಟ್ರುದು! ಆಗೋ ಮಾತಾ ಅಮ್ಮಿ ಇದು?"

ಅಪ್ಪ ರೈಲು ಬೋಗಿಗಳಿಗೆ ಬಣ್ಣ ಹೊಡೆಯುವ ಗುತ್ತಿಗೆ ಕೆಲಸದವನು. ಮದುವೆಯಾದ ಹೊಸದರಲ್ಲಿ ಮಳವಳ್ಳಿ ಕಡೆಯಿಂದ ಅಮ್ಮನನ್ನು ಕರೆದುಕೊಂಡು ಬಂದು ಇಲ್ಲೇ ನಿಂತ. ನಮ್ಮ ವಂಶದಲ್ಲಿ ಪದವಿ ಪಡೆದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ತಮಿಳು ಮಾಧ್ಯಮದಲ್ಲಿ ಓದಿ ಬಂದವಳು ಪ್ರಾಣಿಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಓದುವಾಗ ಎಷ್ಟು ಅತ್ತಿದ್ದೇನೆ ಎಂಬುದು ನನ್ನ ದಿಂಬಿಗೆ ಗೊತ್ತು.

ಪದವಿ ಮುಗಿದ ಮೇಲೆ ಮೆಡಿಕಲ್ ಕೋಡಿಂಗ್ ಕಲಿತೆ. ಆಗುವ ಮಾತಲ್ಲ ಎಂದು ಅಪ್ಪ ಅಂದದ್ದು ಇದನ್ನೇ. ಆಸ್ಪತ್ರೆಯವರು ಬರೆದ ರೋಗಿಯ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಪ್ರತಿಯೊಂದು ಕಾಯಿಲೆಗೂ ಚಿಕಿತ್ಸೆಗೂ ಅದರದರ ಸಂಖ್ಯೆ ಹಾಕುವ ಕೆಲಸ. ಆ ಸಂಖ್ಯೆ ನೋಡಿಯೇ ವಿಮೆಯವರು ಹಣ ಕೊಡುವುದು. ಅಮೆರಿಕದ ಕಡತಗಳು ಚೆನ್ನೈಗೆ ಬರುತ್ತವೆ, ಇಲ್ಲಿ ನಮ್ಮಂಥವರು ಸಾಲಾಗಿ ಕೂತು ಓದುತ್ತೇವೆ. ನನಗೆ ಸಿಕ್ಕಿದ್ದು ರಾತ್ರಿ ಪಾಳಿ. ಹಗಲು ನಿದ್ದೆಗೆಟ್ಟು ಓದಿ, ಒಳರೋಗಿಗಳ ಕಡತಕ್ಕೆಂದೇ ಇರುವ ಪರೀಕ್ಷೆಯನ್ನು ಒಮ್ಮೆ ಫೇಲಾಗಿ, ಎರಡನೆಯ ಸಲ ಪಾಸು ಮಾಡಿದೆ. ಸರ್ಟಿಫಿಕೇಟ್ ಬಂದ ದಿನ ಅಪ್ಪ ಊರಲ್ಲಿದ್ದ. ಫೋನಿನಲ್ಲಿ "ಸರಿ ಸರಿ, ಜೋಪಾನವಾಗಿ ಎತ್ತಿಡು" ಎಂದಷ್ಟೇ ಹೇಳಿದ. ಅವನು ಹಿಂತಿರುಗಿದ್ದು ಹೊಟ್ಟೆನೋವಿನ ಜೊತೆಗೆ. ಸರ್ಟಿಫಿಕೇಟ್ ತೋರಿಸುವ ಹೊತ್ತು ಆಮೇಲೆ ಬರಲೇ ಇಲ್ಲ.

ಮೊದಲು ಗ್ಯಾಸ್ಟ್ರಿಕ್ ಎಂದುಕೊಂಡೆವು. ಸ್ಕ್ಯಾನ್ ಆಯಿತು, ತುಣುಕು ತೆಗೆದು ಪರೀಕ್ಷೆ ಮಾಡಿದ್ದಾಯಿತು. ಡಾಕ್ಟರನ್ನು ಕಾಣುವ ಹಿಂದಿನ ದಿನವೇ ವರದಿ ಓದಿ ನನಗೆ ಅರ್ಥವಾಗಿತ್ತು. ಆದರೂ ಡಾಕ್ಟರ ಬಾಯಿಂದ ಕೇಳಬೇಕಿತ್ತು. ಅಮ್ಮ ನನಗೆ ಬಾಯಿ ತೆರೆಯಲು ಬಿಡಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡೇ, "ಭಯ ಪಡೋ ಅಂಥದ್ದು ಏನೂ ಇಲ್ಲ ಅಲ್ವಾ ಡಾಕ್ಟ್ರೇ?" ಎಂದು ತನ್ನ ತಮಿಳಿನಲ್ಲಿ ಕೇಳಿದಳು. ಹೊರಗೆ ಜನ ಕಾಯುತ್ತಿದ್ದರು. ಆ ಡಾಕ್ಟರು ಚಿಕ್ಕ ವಯಸ್ಸಿನವರು. ಅಮ್ಮನ ಮುಖ ನೋಡಿ, "ಪಾಕ್ಕಲಾಂಮ್ಮಾ, ನೋಡೋಣ" ಎಂದರು. ಅಮ್ಮ ಕೈಮುಗಿದು ಎದ್ದಳು. ನಾನು ಒಬ್ಬಳೇ ಮತ್ತೆ ಒಳಗೆ ಹೋಗಿ, "ಏನಾಗಿದೆ, ಮುಂದೆ ಏನಾಗುತ್ತದೆ?" ಎಂದು ಕೇಳಿದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದರು. ಆಪರೇಶನ್ ಮಾಡುವ ಹಂತ ದಾಟಿದೆ, ನೋವು ಕಡಿಮೆ ಮಾಡುತ್ತ ಹೋಗಬಹುದು ಎಂದರು.

ಅಮ್ಮನಿಗೆ ಹೇಳಿದೆ. ಅಪ್ಪನಿಗೆ ಹೇಳಕೂಡದೆಂದು ಅವಳು ನನ್ನಿಂದ ಮಾತು ತೆಗೆದುಕೊಂಡಳು. ಹೊಟ್ಟೆಯಲ್ಲಿ ಹುಣ್ಣು ಎಂದು ಹೇಳಿದೆವು.

ಅಪ್ಪನ ನೋವು ರಾತ್ರಿಯೇ ಹೆಚ್ಚು. ಎಬ್ಬಿಸಿ ಕೂರಿಸಬೇಕು, ಬೆನ್ನು ನೀವಬೇಕು, ಬಚ್ಚಲಿಗೆ ಕರೆದೊಯ್ಯಬೇಕು. ಅಮ್ಮನೊಬ್ಬಳ ಕೈಯಲ್ಲಿ ಆಗುತ್ತಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ನಾನು ಯಾರದೋ ದೇಶದ ಯಾರದೋ ಅಪ್ಪನ ಕಡತ ಓದುತ್ತ ಕೂತಿರುತ್ತಿದ್ದೆ. ಬೆಳಿಗ್ಗೆ ಮನೆಗೆ ಬಂದರೆ ಅಮ್ಮ ಗೋಡೆಗೆ ಒರಗಿಕೊಂಡು ಕೂತಲ್ಲೇ ನಿದ್ದೆ ಹೋಗಿರುತ್ತಿದ್ದಳು. ಆಗಲೇ ನುಂಗಂಬಾಕ್ಕಂನ ಒಂದು ಕಂಪನಿಯಲ್ಲಿ ಆಡಿಟರ್ ಕೆಲಸ ಖಾಲಿಯಿದೆ ಎಂದು ಗೆಳತಿ ಹೇಳಿದಳು. ಬೇರೆಯವರು ಹಾಕಿದ ಸಂಖ್ಯೆಗಳನ್ನು ತಪಾಸಣೆ ಮಾಡುವ ಕೆಲಸ. ಹಗಲು ಪಾಳಿ. ನನಗೆ ಬೇಕಾಗಿದ್ದು ಆ ಹಗಲು. ಅದು ಸಿಕ್ಕಿದರೆ ಅಪ್ಪನಿಗೆ ಉಳಿದಷ್ಟು ರಾತ್ರಿ ಅವನ ಹತ್ತಿರ ಇರಬಹುದಿತ್ತು.

ಸಂದರ್ಶನದ ದಿನ ಹೊರಡುವಾಗ ಅಪ್ಪ ಮಂಚದಿಂದಲೇ ಕರೆದ. "ಅಮ್ಮಿ, ಇದು ಹುಣ್ಣೇ ತಾನೆ? ಮಾತ್ರೆ ತಿಂದ್ರೆ ಮಾಯ್ತದೆ ತಾನೆ?"

"ಹೂಂ ಅಪ್ಪ, ಹುಣ್ಣೇ" ಎಂದೆ. ದಿನಕ್ಕೊಮ್ಮೆಯಾದರೂ ಅವನು ಹಾಗೇ ಕೇಳುತ್ತಿದ್ದ, ನಾವು ಹಾಗೇ ಹೇಳುತ್ತಿದ್ದೆವು.

ಸಂದರ್ಶನ ಮಾಡಿದವರು ಇಬ್ಬರು. ಕೂದಲು ನರೆತ, ದೊಡ್ಡ ಕುಂಕುಮದ ಒಬ್ಬ ಹೆಂಗಸು. ಲ್ಯಾಪ್‌ಟಾಪಿನಿಂದ ಕಣ್ಣೆತ್ತದ ಒಬ್ಬ ಯುವಕ. ಆಕೆ ನನ್ನ ಸರ್ಟಿಫಿಕೇಟನ್ನು ಮುಂದೆ ಇಟ್ಟುಕೊಂಡು, ಡಾಕ್ಟರ ಬರಹ ಸ್ಪಷ್ಟವಿಲ್ಲದಿದ್ದರೆ ಏನು ಮಾಡಬೇಕೆಂದು ಕೇಳಿದರು. ನನಗೆ ಗೊತ್ತಿದ್ದ ಪ್ರಶ್ನೆ. ಗಿಳಿಪಾಠ ಶುರು ಮಾಡಿದೆ. ಕೋಡರ್ ತಾನಾಗಿ ಊಹಿಸಬಾರದು, ಡಾಕ್ಟರಿಗೆ ಲಿಖಿತ ಪ್ರಶ್ನೆ ಕಳಿಸಬೇಕು, ಅದಕ್ಕೆ ಕ್ವೆರಿ ಎನ್ನುತ್ತಾರೆ, ಕ್ವೆರಿ ಉತ್ತರದ ಕಡೆಗೆ ದೂಡುವಂತಿರಬಾರದು, ಅದರಲ್ಲಿ ಹಣದ ಪ್ರಸ್ತಾಪ ಇರಬಾರದು...

ಆಕೆ ಕೈ ಎತ್ತಿದರು. "ಇದೆಲ್ಲಾಂ ಬುಕ್ಕಲ ಇರುಕ್ಕುಮ್ಮಾ. ನೀ ಎನ್ನ ಪಣ್ಣೆ?" ಪುಸ್ತಕದಲ್ಲಿರುವುದು ಬೇಡ, ನೀನು ಏನು ಮಾಡಿದೆ ಹೇಳು.

ಯುವಕ ಇಂಗ್ಲಿಷಿನಲ್ಲಿ, "ಬೆಳಿಗ್ಗೆಯಿಂದ ಬಂದವರೆಲ್ಲ ಇದನ್ನೇ ಒಪ್ಪಿಸಿದರು. ನಮಗೂ ಬಾಯಿಪಾಠ ಆಗಿಬಿಟ್ಟಿದೆ" ಎಂದ.

ಹಗಲು ಪಾಳಿ ಕೈಬಿಟ್ಟು ಹೋಯಿತು ಎಂದೇ ಅನಿಸಿತು. ಆಮೇಲೆ ಒಂದು ಕಡತ ನೆನಪಾಯಿತು.

"ಆಸ್ಪತ್ರೆಯ ಹೆಸರು, ರೋಗಿಯ ವಿವರ ಹೇಳುವ ಹಾಗಿಲ್ಲ ಮೇಡಂ," ಎಂದೆ.

"ಹೇಳಿದ್ದರೆ ಇಲ್ಲಿಗೇ ಮುಗಿಸುತ್ತಿದ್ದೆ. ಮುಂದೆ ಹೇಳು."

ಸೊಂಟದ ಮೂಳೆಯ ಆಪರೇಶನ್ ಆಗಿದ್ದ ಒಬ್ಬ ಮುದುಕಿಯ ಕಡತ. ಹೀಮೋಗ್ಲೋಬಿನ್ ಕಡಿಮೆಯಿತ್ತು, ರಕ್ತ ಕೊಟ್ಟಿದ್ದರು. ಡಾಕ್ಟರು ಬರೆದಿದ್ದು "ರಕ್ತಹೀನತೆ" ಎಂದಷ್ಟೇ. ಯಾವ ಬಗೆಯದೆಂದು ಇಲ್ಲ. ಆಪರೇಶನ್ನಿನಲ್ಲಿ ರಕ್ತ ಹೋಗಿಯೇ ಹೀಗಾಗಿದೆ ಎಂದು ನನಗೆ ಖಾತ್ರಿ. "ರಕ್ತಸ್ರಾವದಿಂದ ಆದ ರಕ್ತಹೀನತೆ ಅಲ್ಲವೇ, ದಯವಿಟ್ಟು ದೃಢಪಡಿಸಿ" ಎಂದು ಕ್ವೆರಿ ಬರೆದೆ. ನಮ್ಮ ಆಡಿಟರ್ ಅದನ್ನು ಡಾಕ್ಟರಿಗೆ ಹೋಗಲು ಬಿಡದೆ ಹಿಂದಕ್ಕೆ ಕಳಿಸಿದರು.

"ಇದು ಸರ್ಟಿಫಿಕೇಟಿಗೆ ಮುಂಚೆಯೋ ಆಮೇಲೋ?" ಆಕೆ ಕೇಳಿದರು.

"ಆಮೇಲೆ. ಪರೀಕ್ಷೆಯಲ್ಲಿ ಇದೇ ನಿಯಮಕ್ಕೆ ಸರಿಯುತ್ತರ ಗುರುತು ಮಾಡಿದ್ದೆ. ಕೆಲಸದಲ್ಲಿ ಎಡವಿದೆ."

ಯುವಕ ಈಗ ಕಣ್ಣೆತ್ತಿದ.

ಎರಡನೆಯ ಸಲ ಬರೆದದ್ದನ್ನು ಹೇಳಿದೆ. ಆಪರೇಶನ್ನಿಗೆ ಮುಂಚಿನ ಹೀಮೋಗ್ಲೋಬಿನ್, ಆಮೇಲಿನದು, ಕೊಟ್ಟ ರಕ್ತ, ಹಳೆಯ ಕಿಡ್ನಿ ಕಾಯಿಲೆ ಇವನ್ನೆಲ್ಲ ಕಡತದಲ್ಲಿ ಇದ್ದಂತೆಯೇ ಇಟ್ಟು, ರಕ್ತಹೀನತೆ ಯಾವ ಬಗೆಯದು ಎಂದು ಕೇಳಿದೆ. ರಕ್ತಸ್ರಾವದ್ದು, ಕಿಡ್ನಿ ಕಾಯಿಲೆಯದು, ಬೇರೆ ಏನಾದರೂ, ಹೇಳಲಾಗದು ಎಂಬ ಆಯ್ಕೆಗಳನ್ನೂ ಕೊಟ್ಟೆ. ಕಿಡ್ನಿ ಕಾಯಿಲೆಯಿಂದ ಮೊದಲೇ ಇದ್ದ ರಕ್ತಹೀನತೆ, ಆಪರೇಶನ್ನಿನಲ್ಲಿ ಹೆಚ್ಚು ರಕ್ತವೇನೂ ಹೋಗಿಲ್ಲ ಎಂದು ಡಾಕ್ಟರು ಬರೆದರು. ನನ್ನ ಖಾತ್ರಿ ಸುಳ್ಳಾಗಿತ್ತು.

"ರಕ್ತಸ್ರಾವ ಅಂತ ಹಾಕಿದ್ದರೆ ಆಸ್ಪತ್ರೆಗೆ ಹೆಚ್ಚು ಹಣ ಬರುತ್ತಿತ್ತಲ್ಲ?" ಯುವಕ ಕೆಣಕಿದ.

"ಬರುತ್ತಿತ್ತು ಸಾರ್. ವಿಮೆಯವರ ತಪಾಸಣೆಯಲ್ಲಿ ಸಿಕ್ಕಿಬಿದ್ದು ವಾಪಸ್ಸೂ ಹೋಗುತ್ತಿತ್ತು. ಅದಿರಲಿ, ಆಗದೇ ಇದ್ದದ್ದು ಆಯಿತು ಅಂತ ಆ ಅಜ್ಜಿಯ ಕಡತದಲ್ಲಿ ಉಳಿದುಬಿಡುತ್ತಿತ್ತು."

"ಮೊದಲಿನ ಥರವೇ ಕೇಳಿದ್ದರೂ ಡಾಕ್ಟರು ಅಲ್ಲ ಅನ್ನಬಹುದಿತ್ತಲ್ಲಮ್ಮಾ?" ಆಕೆ ಕೇಳಿದರು. "ಅಷ್ಟು ಓದಿದವರು."

"ಅನ್ನಬಹುದಿತ್ತು. ಆದರೆ ಅಲ್ಲವೇ ಅಂತ ಕೇಳಿದರೆ ಹೌದು ಅನ್ನುವುದು ಸುಲಭ ಮೇಡಂ. ಕೆಲಸದ ಅವಸರದಲ್ಲಿರುವವರು ಹೌದು ಅಂತಾರೆ. ಕೇಳುವವರ ಮುಖ ನೋಡಿದವರೂ ಹೌದು ಅಂತಾರೆ."

ಈ ಕೊನೆಯ ಮಾತು ಯಾವ ಪಠ್ಯದಲ್ಲೂ ಇಲ್ಲ. ಆಕೆ ನನ್ನ ಮುಖ ನೋಡಿ ನೀರಿನ ಲೋಟವನ್ನು ಈಚೆಗೆ ಸರಿಸಿದರು. ಆಮೇಲೆ ಎರಡು ಕಡತ ಕೊಟ್ಟು ತಪ್ಪು ಹುಡುಕಿಸಿದರು. ಸ್ವಲ್ಪ ಹೊತ್ತು ಹೊರಗೆ ಕೂರಿಸಿದರು. ಮತ್ತೆ ಒಳಗೆ ಕರೆದು, ಮುಂದಿನ ವಾರ ಬಂದು ಸೇರಿಕೋ ಎಂದರು.

ಬಸ್ಸಿನಲ್ಲಿ ಸಂತೋಷ ಪಡಲು ಪ್ರಯತ್ನಪಟ್ಟೆ. ಇಷ್ಟು ವರ್ಷ ಹಲ್ಲುಕಚ್ಚಿ ಓದಿದ್ದು ಕೈಗೆ ಬಂದಿತ್ತು. ಆದರೆ ಅದು ಬಂದದ್ದು ಅಪ್ಪ ಸಾಯುವುದನ್ನು ಹತ್ತಿರ ಕೂತು ನೋಡಲಿಕ್ಕೆ.

ಮನೆಯಲ್ಲಿ ಅಮ್ಮ ಗಂಜಿ ಕುಡಿಸುತ್ತಿದ್ದಳು. ಕೆಲಸ ಸಿಕ್ಕಿತೆಂದು ಹೇಳಿದೆ. ಅಮ್ಮ ದೇವರ ಪಟದ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಅಪ್ಪ, "ಏನ್ ಕೇಳುದ್ರು?" ಎಂದ. ಎಲ್ಲವನ್ನೂ ಹೇಳಿದೆ, ಮುದುಕಿಯ ಕಡತ, ನಾನು ಬರೆದ ತಪ್ಪು ಪ್ರಶ್ನೆ, ಆಮೇಲಿನ ಸರಿ ಪ್ರಶ್ನೆ. ಅವನು ಸಂತೋಷಪಡಲಿ ಎಂದು ಹೇಳುತ್ತ ಹೋದೆ. ಏನು ಹೇಳುತ್ತಿದ್ದೇನೆ, ಯಾರಿಗೆ ಹೇಳುತ್ತಿದ್ದೇನೆ ಎಂದು ಹೊಳೆಯುವ ಹೊತ್ತಿಗೆ ಮುಗಿದಿತ್ತು.

"ಅಲ್ವಾ ಅಂತ ಕೇಳ್ಬಾರ್ದಾ?" ಎಂದ ಅಪ್ಪ.

"ನಮ್ಮ ಕೆಲಸದಲ್ಲಿ ಕೇಳಬಾರದು ಅಪ್ಪ."

"ತಾನೆ ಅಂತಾನೂ?"

ಅಮ್ಮ ಚಮಚವನ್ನು ಬಟ್ಟಲಿಗೆ ಹಾಕಿ ಕೆಳಗಿಟ್ಟಳು.

"ಎಲ್ಲಿ, ಕೊಡಿಲ್ಲಿ ಆ ಕಾಗ್ದವ" ಎಂದು ಅಪ್ಪ ಕೈ ಚಾಚಿದ. ಚೀಲದಿಂದ ಸರ್ಟಿಫಿಕೇಟ್ ತೆಗೆದು ಕೊಟ್ಟೆ. ಅವನಿಗೆ ಇಂಗ್ಲಿಷ್ ಬರುವುದಿಲ್ಲ. ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ತೋರಿಸಿದ ಜಾಗದ ಮೇಲೆ, ಮುಟ್ಟಿದರೆ ಅಳಿಸಿಹೋದೀತೆಂಬಂತೆ ಬೆರಳನ್ನು ಸ್ವಲ್ಪ ಎತ್ತಿಯೇ ಹಿಡಿದು ಆಚೆಯಿಂದ ಈಚೆಗೆ ತಂದ. ಆಮೇಲೆ ನನ್ನ ಮುಖ ನೋಡದೆ ಹೇಳಿದ:

"ಅಮೆರಿಕದೋರ ಕಾಯ್ಲೆಗೆಲ್ಲ ನಂಬರ್ ಹಾಕ್ತೀಯಲ್ಲ ಅಮ್ಮಿ. ನಂದು ಯಾವ ನಂಬರು?"