ಪಡುಮನೆಯ ನೆಂಟ

ವಸಂತಕುಮಾರನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ ಎಂದರೆ ಅದೇ ಒಂದು ಸುಳ್ಳಾದೀತು. ಕಾರ್ಖಾನೆಗಳಿಗೆ ಮಧ್ಯಾಹ್ನದ ಊಟ ಕಳಿಸುವವನು ‘ಗಾಡಿ ಹೊರಟಾಯ್ತು ಸಾಬ್, ಸಿಗ್ನಲ್‌ನಲ್ಲಿ ಉಂಟು’ ಎಂದು ಆಗಾಗ ಹೇಳಲೇಬೇಕು, ಗಾಡಿ ಇನ್ನೂ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರೂ. ಅದು ಹೊಟ್ಟೆಪಾಡಿನ ಸುಳ್ಳು. ಯಾರಿಗೂ ನೋವಾಗುವುದಿಲ್ಲ, ಊಟ ಬಂದ ಕೂಡಲೇ ಎಲ್ಲರೂ ಮರೆಯುತ್ತಾರೆ. ಈ ಕಥೆಯಲ್ಲಿರುವುದು ಬೇರೆಯ ಜಾತಿಯದು.

ಉಡುಪಿ ಕಡೆಯ ಬ್ರಹ್ಮಾವರದಿಂದ ಹುಡುಗನಾಗಿದ್ದಾಗಲೇ ಠಾಣೆ ಕಡೆಗೆ ಬಂದು, ಯಾರ್ಯಾರದೋ ಹೋಟೆಲಿನಲ್ಲಿ ದುಡಿದು, ಕೊನೆಗೆ ರಬಾಳೆಯಲ್ಲಿ ಸ್ವಂತ ಅಡುಗೆಮನೆ ಮಾಡಿಕೊಂಡವನು ಅವನು. ಮನೆ ಕೋಪರಖೈರಣೆಯಲ್ಲಿ. ಹೆಂಡತಿ ಪ್ರಫುಲ್ಲಾ ಮಸಾಲೆಯ ಉಸ್ತುವಾರಿ ನೋಡುತ್ತಾಳೆ, ಮಗಳು ದಿಶಾ ಠಾಣೆಯ ಒಂದು ಕಂಪನಿಯ ಮಾರ್ಕೆಟಿಂಗ್ ವಿಭಾಗದಲ್ಲಿದ್ದಾಳೆ. ಆ ಅಡುಗೆಮನೆಯನ್ನು ನಡೆಸುತ್ತಿದ್ದುದು ಒಂದು ದೊಡ್ಡ ಕಾರ್ಖಾನೆಯ ಊಟ. ಆ ಕಾರ್ಖಾನೆ ಮಳೆಗಾಲ ಮುಗಿಯುವ ಹೊತ್ತಿಗೆ ಗುಜರಾತಿಗೆ ಹೋಗುವುದೆಂದು ಖಚಿತವಾಗಿತ್ತು. ಅದರ ಬದಲಿಗೆ ಇನ್ನೊಂದು ಸಿಗದಿದ್ದರೆ ಒಲೆ ಆರಿಸಿ ಅಡುಗೆಯವರನ್ನು ಮನೆಗೆ ಕಳಿಸಬೇಕು. ಅವನ ನಿದ್ದೆಗೆಡಿಸಿದ್ದು ಅದೊಂದೇ ವಿಷಯ.

ಹಾಗಾಗಿಯೇ ಅವನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ವಾಶಿಯ ಸಮ್ಮೇಳನಕ್ಕೆ ಹೋದದ್ದು. ಕಂಪನಿಗಳ ಕಟ್ಟಡ, ಕ್ಯಾಂಟೀನು, ಸ್ವಚ್ಛತೆ ನೋಡಿಕೊಳ್ಳುವ ಅಧಿಕಾರಿಗಳು ಸೇರುವ ಸಮ್ಮೇಳನ ಅದು. ವೇದಿಕೆಯ ಮೇಲಿನ ಭಾಷಣಗಳಿಗಿಂತ ಕಾಫಿ ಕೌಂಟರಿನ ಎದುರಿನ ಮಾತೇ ಮುಖ್ಯ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು, ಭಾಷಣ ಮಾಡುವವರಿಗೂ. ವಸಂತಕುಮಾರ ಕಪ್ಪು ಹಿಡಿದು ಯಾರನ್ನು ಮಾತಾಡಿಸಲಿ ಎಂದು ನಿಂತಿದ್ದಾಗ ಪಕ್ಕದವರು ಫೋನಿನಲ್ಲಿ ತುಳು ಮಾತಾಡಿದರು. ಐರೋಲಿಯ ದೊಡ್ಡ ಐಟಿ ಕಂಪನಿಯೊಂದರ ಆಡಳಿತ ವಿಭಾಗದ ಮುಖ್ಯಸ್ಥ ವಿಷ್ಣುಮೂರ್ತಿ ಅವರು. ಊರಿನ ಭಾಷೆ ಕಿವಿಗೆ ಬಿದ್ದ ಮೇಲೆ ನಮ್ಮವರು ಸುಮ್ಮನಿರುತ್ತಾರೆಯೇ? ಊರು ಯಾವುದು, ಯಾವ ಕಡೆ, ಯಾರ ಮನೆ ಎಂದು ತನಿಖೆ ಶುರುವಾಗಲೇಬೇಕು.

“ಅಮ್ಮನ ತವರು ಕಟಪಾಡಿ” ಎಂದರು ವಿಷ್ಣುಮೂರ್ತಿ. “ಪಡುಮನೆ ಅಂತ ಪಕ್ಕದ ಮನೆ ಉಂಟಲ್ಲ, ಅಲ್ಲಿಯವರ ಸುದ್ದಿ ಅಮ್ಮ ಈಗಲೂ ತೆಗೀತಾ ಇರ್ತಾರೆ.”

“ಓ, ಪಡುಮನೆ” ಎಂದ ವಸಂತಕುಮಾರ, ಗೊತ್ತಿದ್ದವನ ಹಾಗೆ. ಗೊತ್ತಿರಲಿಲ್ಲ. ಮರ್ಯಾದೆಗೆ ಹೇಳಿದ್ದು ಅಷ್ಟೆ.

ಆಮೇಲೆ ಕೆಲಸದ ಮಾತು ಬಂತು. ತಮ್ಮಲ್ಲಿ ಎರಡನೇ ಪಾಳಿಯವರು ಊಟಕ್ಕೆ ಬರುವಾಗ ಅನ್ನ ಗಟ್ಟಿಯಾಗಿ, ಸಾಂಬಾರು ತಣ್ಣಗಾಗಿ, ಎಲ್ಲರೂ ದೂರು ಬರೆಯುತ್ತಾರೆ ಎಂದು ವಿಷ್ಣುಮೂರ್ತಿ ಬೇಸರಪಟ್ಟರು. ಅಷ್ಟರಲ್ಲಿ ಯಾರೋ ಕರೆದರು. ಕಾರ್ಡು ಕೊಟ್ಟು ಹೊರಟುಹೋದರು.

ಮನೆಗೆ ಬಂದು ಕಾರ್ಡುಗಳನ್ನು ಮೇಜಿನ ಮೇಲೆ ಹರಡಿದಾಗ ದಿಶಾ ಅಪ್ಪನ ಪಕ್ಕ ಕುಳಿತಳು. ಎಲ್ಲರಿಗೂ ಒಂದೇ ಮೆಸೇಜು ಕಳಿಸುವುದು ಬೇಡ ಎಂದಳು. “ಪಪ್ಪಾ, ಸಬ್ ಕೋ ವಹೀ ಭೇಜೋಗೆ ತೊ ಕೋಯಿ ನಹೀಂ ಪಢೇಗಾ. ನಾಳೆಯೊಳಗೆ ಹೋಗ್ಬೇಕು, ಆಮೇಲೆ ಅವರಿಗೆ ನಿಮ್ಮ ಮುಖ ಸಹ ನೆನಪಿರಲ್ಲ. ಎಲ್ಲಿ ಸಿಕ್ಕಿದ್ದು ಅಂತ ಹೇಳಿ. ಅವರು ಹೇಳಿದ ಒಂದು ವಿಷಯ ಹಿಡೀರಿ. ಮೊದಲು ಅವರಿಗೆ ಉಪಯೋಗ ಆಗೋದು ಏನಾದ್ರೂ ಕೊಡಿ. ಕೇಳೋದು ಆಮೇಲೆ, ಅದೂ ಚಿಕ್ಕದು.”

ವಿಷ್ಣುಮೂರ್ತಿಗೆ ಕಳಿಸುವ ಮೆಸೇಜನ್ನು ಅವಳೇ ಇಂಗ್ಲಿಷಿನಲ್ಲಿ ಟೈಪು ಮಾಡಿದಳು. ಕಾಫಿ ಕೌಂಟರಿನ ಹತ್ತಿರ ಸಿಕ್ಕಿದ್ದು, ಎರಡನೇ ಪಾಳಿಯ ಊಟದ ತೊಂದರೆ, ಅದಕ್ಕೆ ತಮ್ಮ ಅಡುಗೆಮನೆಯಲ್ಲಿ ಮಾಡುವ ಉಪಾಯ: ಅನ್ನವನ್ನು ಒಟ್ಟಿಗೇ ಮಾಡದೆ ಎರಡು ಸಲ ಮಾಡಿ, ಬಿಸಿ ಹಿಡಿದಿಡುವ ಡಬ್ಬಿಗಳಲ್ಲಿ ಎರಡು ಗಾಡಿಯಲ್ಲಿ ಕಳಿಸುವುದು. ನೋಡಬೇಕೆಂದಿದ್ದರೆ ಒಮ್ಮೆ ರಬಾಳೆಗೆ ಬನ್ನಿ. ಇಷ್ಟೇ. ಚೊಕ್ಕವಾಗಿತ್ತು, ಒಂದು ಅಕ್ಷರವೂ ಸುಳ್ಳಿರಲಿಲ್ಲ. ದಿಶಾ ಫೋನನ್ನು ಅಪ್ಪನ ಕೈಗೆ ಕೊಟ್ಟು ಸ್ನಾನಕ್ಕೆ ಹೋದಳು.

ವಸಂತಕುಮಾರ ಅದನ್ನು ಮತ್ತೆ ಮತ್ತೆ ಓದಿದ. ಎಲ್ಲ ಸರಿ, ಆದರೆ ತನ್ನವರಿಗೆ ಬರೆದ ಹಾಗೆ ಇಲ್ಲ ಅನ್ನಿಸಿತು. ಇಂಥ ಮೆಸೇಜನ್ನು ಯಾರು ಬೇಕಾದರೂ ಕಳಿಸಬಹುದಲ್ಲ? ಕೊನೆಯಲ್ಲಿ ಕನ್ನಡದಲ್ಲಿ ಒಂದು ಸಾಲು ಸೇರಿಸಿದ: ‘ಪಡುಮನೆಯವರು ನನ್ನ ಚಿಕ್ಕಮ್ಮನ ಕಡೆಯವರೇ, ಹಾಗೆ ನೋಡಿದರೆ ನಾವು ಹತ್ತಿರದವರು.’ ಬೆರಳು ‘ಸೆಂಡ್’ ಒತ್ತಿಯೂ ಬಿಟ್ಟಿತು.

ಉತ್ತರ ಬೇಗ ಬಂತು. ಡಬ್ಬಿಯ ಮಾತೇ ಇರಲಿಲ್ಲ. ‘ಹೌದಾ! ಅಮ್ಮನಿಗೆ ಹೇಳಿದೆ. ಕೂತಲ್ಲಿ ಕೂರ್ತಾ ಇಲ್ಲ. ಭಾನುವಾರ ಮನೆಗೆ ಬನ್ನಿ.’

ಅಲ್ಲಿಗೆ ಹೋಗದೆ ಇರಬಹುದಿತ್ತು. ಜ್ವರ ಎನ್ನಬಹುದಿತ್ತು. ಅವನು ಹೋದ, ಕೈಯಲ್ಲಿ ಒಂದು ಡಬ್ಬಿ ಗೋಳಿಬಜೆ ಹಿಡಿದು.

ಐರೋಲಿಯ ಆ ಫ್ಲ್ಯಾಟಿನಲ್ಲಿ ವಿಷ್ಣುಮೂರ್ತಿಯವರ ತಾಯಿ ವಾರಿಜಮ್ಮ ಒಳ್ಳೆಯ ಸೀರೆ ಉಟ್ಟು ಕಾಯುತ್ತಿದ್ದರು. ಮಗನನ್ನು ಚಹಾ ಮಾಡಲು ಒಳಗೆ ಕಳಿಸಿ, ಕುರ್ಚಿಯನ್ನು ವಸಂತಕುಮಾರನ ಹತ್ತಿರಕ್ಕೆ ಎಳೆದುಕೊಂಡರು.

“ಸುಮತಿ ಹೇಗಿದ್ದಾಳೆ ಮಗಾ?”

ಯಾವ ಸುಮತಿ ಎಂದು ಕೇಳುವ ಹಾಗಿರಲಿಲ್ಲ. “ಚೆನ್ನಾಗಿದ್ದಾರೆ ಅಮ್ಮಾ. ವಯಸ್ಸಾಯ್ತಲ್ಲ, ಮೊಣಕಾಲು ನೋವು ಉಂಟು” ಎಂದ. ಮೊಣಕಾಲು ನೋವಿಲ್ಲದ ಮುದುಕಿ ಎಲ್ಲಿದ್ದಾಳೆ? ಆ ಕ್ಷಣದಲ್ಲಿ ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡದ್ದು ಅವನಿಗೆ ಆಮೇಲೆ ಬಹಳ ದಿನ ಚುಚ್ಚಿತು.

ವಾರಿಜಮ್ಮ ದನಿ ತಗ್ಗಿಸಿದರು. “ಅವಳಿಗೆ ಮದುವೆಗೆ ಸಂಬಂಧ ನಿಶ್ಚಯ ಆಗಿತ್ತು. ಚಿಕ್ಕಂದಿನಲ್ಲಿ ಅವಳಿಗೆ ಅಪಸ್ಮಾರ ಬರ್ತಿತ್ತು ಅಂತ ನಾನೇ ಬಾಯಿ ತಪ್ಪಿ ಗಂಡಿನ ಕಡೆಯವರ ಹತ್ತಿರ ಹೇಳಿದೆ. ಬಾಯಿ ತಪ್ಪಿ ಅಂತ ಹೇಳ್ತೇನೆ, ಹೊಟ್ಟೆಕಿಚ್ಚೂ ಇತ್ತು. ಸಂಬಂಧ ಮುರೀತು. ಮತ್ತೆ ಅವಳು ನನ್ನ ಹತ್ತಿರ ಮಾತಾಡ್ಲಿಲ್ಲ. ನನ್ನ ಸುದ್ದಿ ಏನಾದ್ರೂ ಎತ್ತುತ್ತಾಳಾ?”

ಇಲ್ಲಿಯಾದರೂ ಬಾಯಿ ಮುಚ್ಚಬೇಕಿತ್ತು. ಆದರೆ ಗಿರಾಕಿಯ ಮುಖ ಬಾಡಿದ್ದನ್ನು ನೋಡಿ ಸುಮ್ಮನಿರಲಾರದ ನಾಲಗೆ ಅದು, ವರ್ಷಾನುಗಟ್ಟಲೆ ಅದನ್ನೇ ಮಾಡಿ ಪಳಗಿದ್ದು. “ಅದೆಲ್ಲ ಅವರು ಯಾವತ್ತೋ ಮರೆತಿದ್ದಾರೆ ಅಮ್ಮಾ. ನಿಮ್ಮ ಹೆಸರು ಹೇಳಿ ನಗ್ತಾರೆ” ಎಂದ.

ವಾರಿಜಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಸಮಾಧಾನದ ಅಳು. ಚಹಾ ತಂದ ವಿಷ್ಣುಮೂರ್ತಿ ಅಮ್ಮನನ್ನೂ ಅವನನ್ನೂ ನೋಡಿ, ತಾವೂ ಕಣ್ಣೊರೆಸಿಕೊಂಡರು. ಲಿಫ್ಟಿನವರೆಗೆ ಬಂದು ಅವನ ಕೈ ಹಿಡಿದು, “ಮುಂದಿನ ವಾರ ಟೇಸ್ಟಿಂಗ್ ಉಂಟು, ರುಚಿ ನೋಡಿ ಗುತ್ತಿಗೆ ಕೊಡ್ತೇವೆ, ನಿಮ್ಮ ಹೆಸರೂ ಇದೆ. ಲೈಸೆನ್ಸಿನ ಕಾಪಿ ಕಳಿಸಿ” ಎಂದರು. ಆ ಕೈಯನ್ನು ಬಿಡಿಸಿಕೊಂಡರೆ ಸಾಕಾಗಿತ್ತು ವಸಂತಕುಮಾರನಿಗೆ.

ಸುಳ್ಳನ್ನು ನಿಜ ಮಾಡಿಬಿಡಬಹುದೇನೋ ಎಂಬ ಆಸೆಯಿಂದ ಅವನು ಊರಿನಲ್ಲಿದ್ದ ಸ್ನೇಹಿತ ಜಯಶೀಲನಿಗೆ ಫೋನು ಮಾಡಿದ. ಪಡುಮನೆಯ ಸುಮತಿಯನ್ನು ಹುಡುಕಿ, ವಾರಿಜಮ್ಮನ ಜೊತೆ ಒಮ್ಮೆ ಮಾತಾಡಿಸಿದರೆ ಪಾಪ ತೊಳೆದ ಹಾಗಾಗುತ್ತದೆ ಎಂದು ಲೆಕ್ಕ ಹಾಕಿದ್ದ. ಜಯಶೀಲ ವಿಚಾರಿಸಿ ಮರುದಿನ ಹೇಳಿದ: “ಆ ಸುಮತಮ್ಮ ತೀರಿಹೋಗಿ ಎಷ್ಟೋ ವರ್ಷ ಆಯ್ತು ಮಾರಾಯ. ಮದುವೆ ಆಗ್ಲೇ ಇಲ್ಲವಂತೆ. ಅಣ್ಣಂದಿರ ಮನೇಲೇ ಬದುಕು ಕಳೆದದ್ದು.”

ಫೋನು ಇಟ್ಟ ಮೇಲೆ ವಸಂತಕುಮಾರ ಅಡುಗೆಮನೆಯ ಹಿಂದೆ ಹೋಗಿ ತರಕಾರಿಯ ಗೋಣಿಗಳ ಮೇಲೆ ಕುಳಿತ. ಸತ್ತವಳ ಪರವಾಗಿ ಕ್ಷಮೆ ಕೊಟ್ಟು ಬಂದಿದ್ದ, ಅದೂ ಒಂದು ಗುತ್ತಿಗೆಯ ಆಸೆಗೆ. ಸಂಜೆ ದಿಶಾಳಿಗೆ ಎಲ್ಲವನ್ನೂ ಹೇಳಿದ. ಅವಳು ಬೈಯಲಿಲ್ಲ. “ವೋ ಲೈನ್ ಕ್ಯೂಂ ಡಾಲೀ ಪಪ್ಪಾ?” ಎಂದು, ಆ ಸಾಲನ್ನು ಸೇರಿಸಿದ್ದು ಯಾಕೆಂದಷ್ಟೇ ಕೇಳಿದಳು. ಬೈದಿದ್ದರೆ ಹಗುರಾಗುತ್ತಿತ್ತು.

ಟೇಸ್ಟಿಂಗಿನ ಹಿಂದಿನ ದಿನ ಅವನು ವಿಷ್ಣುಮೂರ್ತಿಯವರ ಆಫೀಸಿನ ಗೇಟಿಗೆ ಹೋಗಿ, ಅವರನ್ನು ಹೊರಗೆ ಕರೆಸಿ, ರಸ್ತೆಬದಿಯ ಚಹಾದಂಗಡಿಯ ಎದುರು ನಿಂತು ಹೇಳಿಬಿಟ್ಟ. ಚಿಕ್ಕಮ್ಮನೂ ಇಲ್ಲ, ಪಡುಮನೆಯೂ ಗೊತ್ತಿಲ್ಲ, ಸುಮತಮ್ಮ ತೀರಿಹೋಗಿ ಎಷ್ಟೋ ವರ್ಷವಾಯಿತು.

ವಿಷ್ಣುಮೂರ್ತಿ ಫೋನು ತೆಗೆದು ಆ ಮೆಸೇಜನ್ನು ಮತ್ತೆ ತೆರೆದು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: “ಆ ಎರಡು ಗಾಡಿಯ ಉಪಾಯ ಓದಿದ ಕೂಡಲೇ ನಿಮ್ಮನ್ನು ಕರೀಬೇಕು ಅಂತ ನಿಶ್ಚಯ ಮಾಡಿದ್ದೆ. ಕೊನೆಯ ಸಾಲಿಗೆ ಆಗ ಇನ್ನೂ ಬಂದಿರಲಿಲ್ಲ ನಾನು.”

ಅವರು ಫೋನನ್ನು ಜೇಬಿಗೆ ಹಾಕಿಕೊಂಡರು.

“ನಾಳೆ ಬರಬೇಡಿ. ನಿಮ್ಮ ಹೆಸರನ್ನು ನಾನು ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲ” ಎಂದರು ಅವರು. ಹೊರಡಲು ತಿರುಗಿದವರು ನಿಂತರು. “ಆದರೆ ಅಮ್ಮನಿಗೆ ಈಗ ನಿದ್ದೆ ಬರ್ತಾ ಉಂಟು. ಸುಮತಿ ಸತ್ತಳು ಅಂತ ನಾನು ಹೇಳುವುದಿಲ್ಲ, ನೀವೂ ಹೇಳಬೇಡಿ. ತಿಂಗಳಿಗೊಮ್ಮೆ ಬನ್ನಿ. ಶುರು ಮಾಡಿದ್ದು ನೀವು, ನಡೆಸುವುದೂ ನೀವೇ.”

ಕಾರ್ಖಾನೆ ಗುಜರಾತಿಗೆ ಹೋಯಿತು. ಅಡುಗೆಯವರಲ್ಲಿ ಕೆಲವರು ಊರಿಗೆ ಹೋದರು. ವಸಂತಕುಮಾರ ಈಗ ಚಿಕ್ಕಪುಟ್ಟ ಆಫೀಸುಗಳಿಗೆ ಡಬ್ಬಿ ಕಳಿಸಿಕೊಂಡಿದ್ದಾನೆ. ಸಮ್ಮೇಳನದಲ್ಲಿ ಸಿಕ್ಕ ಬೇರೆ ಯಾರೂ ಅವನಿಗೆ ಮತ್ತೆ ಬರೆದಿಲ್ಲ. ವಿಷ್ಣುಮೂರ್ತಿ ಮಾತ್ರ ಪ್ರತಿ ತಿಂಗಳೂ ಬರೆಯುತ್ತಾರೆ: ‘ಭಾನುವಾರ. ಅಮ್ಮ ಕಾಯ್ತಾರೆ.’ ಅದಕ್ಕೆ ಅವನು ತಡಮಾಡದೆ ‘ಬರ್ತೇನೆ’ ಎಂದು ಉತ್ತರ ಕೊಡುತ್ತಾನೆ.

ಮೊನ್ನೆ ಹೋದಾಗ ವಾರಿಜಮ್ಮನ ಕಾಲು ಊದಿಕೊಂಡಿತ್ತು. ನೆರೆಮನೆಯ ಹೆಂಗಸಿಗೆ ಅವನನ್ನು ತೋರಿಸಿ, “ನಮ್ಮ ಪಡುಮನೆಯ ಹುಡುಗ, ಎಷ್ಟು ನಿಯತ್ತು ನೋಡಿ” ಎಂದರು. ವಿಷ್ಣುಮೂರ್ತಿ ಅವನ ಮುಖ ನೋಡದೆ ಚಹಾದ ಲೋಟ ಮುಂದಿಟ್ಟರು. ವಾರಿಜಮ್ಮ ಅವನ ಕೈ ಹಿಡಿದುಕೊಂಡು, ಇನ್ನು ತನಗೆ ಊರಿಗೆ ಹೋಗಲಾಗುವುದಿಲ್ಲ, ಸುಮತಿಯನ್ನಾದರೂ ಒಮ್ಮೆ ಇಲ್ಲಿಗೆ ಕರೆದುಕೊಂಡು ಬಾ ಎಂದು ಕೇಳಿದರು.