ರಸ್ತೆಯಲ್ಲಿ ಉಳಿದ ಕೆಂಪು

ಮಳೆಗಾಲದ ಜಾಹೀರಾತಿಗೆ ಬೇಕಾದ ಚಿತ್ರಗಳನ್ನು ನಾವು ಬಿರುಬೇಸಿಗೆಯಲ್ಲೇ ತೆಗೆಯಬೇಕು. ಮೊದಲ ಮಳೆ ಬೀಳುವಷ್ಟರಲ್ಲಿ ಅಂಗಡಿಗಳ ಮುಂದೆ ಫ್ಲೆಕ್ಸ್ ನಿಂತಿರಬೇಕಲ್ಲ. ಹೊಸೂರಿನ ಆಲಸನತ್ತಂನಲ್ಲಿ ನನ್ನದೊಂದು ಪುಟ್ಟ ಸ್ಟುಡಿಯೊ ಇದೆ. ನಾಮಕರಣ, ಆರತಿ, ಮದುವೆಗಳ ನಡುವೆ ಆ ವರ್ಷ ಸಿಕ್ಕಿದ್ದು ಹೊಸೂರಿನಲ್ಲೇ ಕೊಡೆ, ರೇನ್‌ಕೋಟ್ ಮಾಡಿಸುವ ಒಬ್ಬ ಮಾಲೀಕರ ಕೆಲಸ.

ಸಂಜೆ ಅವರ ಕಾರ್ಖಾನೆಯ ಎದುರಿನ ರಸ್ತೆಗೆ ಬೋರ್‌ವೆಲ್ ಪೈಪಿನಿಂದ ನೀರು ಹೊಡೆಸಿದೆವು. ಸೂರ್ಯ ಮುಳುಗಿ ಆಕಾಶ ಇನ್ನೂ ನೀಲಿಯಾಗಿರುವಾಗ, ಅಂಗಡಿಗಳ ದೀಪ ಹೊತ್ತಿಕೊಂಡಾಗ, ಒದ್ದೆ ಟಾರು ಕನ್ನಡಿಯಾಗುತ್ತದೆ. ಆ ಹೊತ್ತು ಬಹಳ ಚಿಕ್ಕದು. ನಾನು ಕ್ಯಾಮೆರಾವನ್ನು ನೆಲಕ್ಕೆ ತಾಗಿಸಿ ಕೂತೆ. ಹನಿಗಳು ಕಾಣಲೆಂದು ದೀಪವನ್ನು ಹಿಂದೆ ಇಟ್ಟೆ. ಮಾಲೀಕರ ಡ್ರೈವರ್ ಪೈಪಿನ ಬಾಯಿಗೆ ಬೆರಳಿಟ್ಟು ಆಕಾಶಕ್ಕೆ ನೀರು ಚಿಮ್ಮಿಸಿದ.

ಮಾಡೆಲ್ ಆಗಿ ಬಂದಿದ್ದ ಕಾಲೇಜು ಹುಡುಗಿ ಕೆಂಪು ಕೋಟು ತೊಟ್ಟು, ಹಳದಿ ಕೊಡೆ ಹಿಡಿದು ನಗುತ್ತಿದ್ದಳು. ಆದರೆ ಹನಿ ಬಿದ್ದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಕೊನೆಗೆ ಚಳಿಯಾಗುತ್ತದೆಂದು ಕೋಟು, ಕೊಡೆ ಅಲ್ಲೇ ಬಿಟ್ಟು ಒಳಗೆ ಹೋದಳು. ನನಗೆ ತಲೆ ಕೆಟ್ಟುಹೋಯಿತು.

ಸಹಾಯಕ್ಕೆ ಬಂದಿದ್ದ ನನ್ನವ್ವ ದೀಪದ ಸ್ಟ್ಯಾಂಡು ಹಿಡಿದು ನೆನೆಯುತ್ತ ನಿಂತಿದ್ದಳು. "ಇದ್ನ ಹಾಕ್ಕೊಂಡು ಆ ಕಡೆ ಹೋಗವ್ವಾ, ನೆನೀತಿದ್ದೀಯ" ಅಂದೆ. ಅವಳು ಕೋಟು ಹಾಕಿಕೊಂಡು, ಕೊಡೆಯನ್ನು ನೀರು ಬರುವ ಕಡೆಗೆ ವಾಲಿಸಿ, ಗುಂಡಿಯನ್ನು ನೋಡದೆಯೇ ದಾಟಿಕೊಂಡು ರಸ್ತೆಯ ಆಚೆಗೆ ನಡೆದಳು. ಮಳೆಯಲ್ಲೇ ಹೊಲಕ್ಕೆ ಹೋಗಿ ಬಂದವಳ ನಡಿಗೆ ಅದು. ನಾನು ಒತ್ತಿದ ಬಟನ್ನಿಂದ ಬೆರಳು ತೆಗೆಯಲಿಲ್ಲ.

ಮಾಲೀಕರು ನೋಡಿ, "ಸೂಪರ್ ಮೇಡಂ! ಇದೇ ಪೋದುಂ, ಇಷ್ಟು ಸಾಕು" ಅಂದರು. ಕೆಲಮಂಗಲದ ಅಂಗಡಿಯೊಂದಕ್ಕೆ ಮಾದರಿಗೆಂದು ಒಂದು ಫ್ಲೆಕ್ಸ್ ಕಟ್ಟಿಸಿಯೂ ಬಿಟ್ಟರು. ಉಳಿದದ್ದು ಪ್ರಿಂಟಿಗೆ ಹೋಗುವ ಮುನ್ನ ಕೆಲಮಂಗಲದಲ್ಲೇ ಇರುವ ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ಆ ಫ್ಲೆಕ್ಸ್ ಕಂಡು ಸ್ಟುಡಿಯೊಗೆ ಬಂದ.

ಅಪ್ಪ ತೀರಿಕೊಂಡ ಮೇಲೆ ಬಣ್ಣ ಉಡಬೇಡ ಅಂತ ಅವ್ವನಿಗೆ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಹಬ್ಬಕ್ಕೆ ದೊಡ್ಡಪ್ಪನ ಮನೆಯಿಂದ ಬರುವ ಸೀರೆ ಮಾತ್ರ ಪ್ರತಿ ಸಲವೂ ಬೂದು ಬಣ್ಣದ್ದೇ. ಆ ಸೀರೆಗಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

"ಗಂಡ ಇಲ್ದೋಳ್ನ ಕೆಂಪು ಕೋಟು ಹಾಕಿ ಬೀದೀಲಿ ನಿಲ್ಸಿದ್ದೀಯಲ್ಲ, ಮಾನ ಮರ್ವಾದೆ ಐತಾ? ಕಂಪ್ಯೂಟ್ರಲ್ಲಿ ಬೂದಿ ಬಣ್ಣ ಮಾಡು" ಅಂದ. ಮಾಲೀಕರಿಗೂ ಫೋನು ಮಾಡಿಸಿದ್ದ. ಊರ ಜಗಳ ಯಾರಿಗೆ ಬೇಕು, ಬೂದು ಕೋಟೂ ಸ್ಟಾಕಿನಲ್ಲಿದೆ, ಮನೆಯವರು ಹೇಳಿದ ಹಾಗೇ ಮಾಡಿ ಅಂದಿದ್ದರು ಅವರು.

"ನಾನು ಮಾಡಲ್ಲ" ಅಂದೆ. "ಮಾಡ್ದೆ ನಾನು ಇಲ್ಲಿಂದ ಏಳಾಕಿಲ್ಲ" ಅಂತ ಕುರ್ಚಿ ಎಳೆದುಕೊಂಡು ಕೂತ. ಸರಿ, ನೋಡೇಬಿಡಲಿ ಅಂತ ಕೋಟನ್ನು ಬೂದು ಮಾಡಿದೆ. ಚಿಟಿಕೆ ಹೊಡೆಯುವಷ್ಟರ ಕೆಲಸ. ದೊಡ್ಡಪ್ಪ ಹೂಂ ಅಂದು ತಲೆಯಾಡಿಸಿ, ಆಮೇಲೆ ಪರದೆಯ ಹತ್ತಿರಕ್ಕೆ ಬಗ್ಗಿದ. ಕೋಟು ಬೂದಾಗಿತ್ತು, ಒದ್ದೆ ರಸ್ತೆಯಲ್ಲಿನ ಅದರ ಬಿಂಬ ಮಾತ್ರ ಇನ್ನೂ ಕೆಂಪಾಗಿತ್ತು. ಅವ್ವನ ಕಾಲಡಿಯಿಂದ ನನ್ನ ಕ್ಯಾಮೆರಾದವರೆಗೂ ಆ ಕೆಂಪು ಹರಿದು, ಅಂಗಡಿಗಳ ದೀಪದ ಬಣ್ಣದಲ್ಲಿ ಕಲೆಸಿಹೋಗಿತ್ತು.

"ಇದು?" ಅಂದ.

"ರೋಡು ಒಪ್ತಾ ಇಲ್ಲ ದೊಡ್ಡಪ್ಪ."

ಒಂದು ಗಂಟೆ ಕೂತಿದ್ದರೆ ಅದನ್ನೂ ಅಳಿಸಬಹುದಿತ್ತು. ಅದನ್ನು ಅವನಿಗೆ ಯಾಕೆ ಹೇಳಬೇಕು?

ಬಾಗಿಲಲ್ಲಿ ಅವ್ವ ನಿಂತಿದ್ದಳು, ಯಾವಾಗ ಬಂದಳೋ. ಪರದೆಯನ್ನು ಬಹಳ ಹೊತ್ತು ನೋಡಿದಳು. ದೊಡ್ಡಪ್ಪನ ಎದುರು ಅವಳು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

"ಮದ್ಲು ಎಂಗಿತ್ತೋ ಅಂಗೇ ಮಾಡ್ಬುಡು" ಅಂದಳು ನನಗೆ. ಆಮೇಲೆ ಅವನ ಕಡೆ ತಿರುಗಿ, "ಭಾವ, ಆ ಪಟದಾಗಿರೋಳು ನಾನು. ನನ್ನ ಕೇಳ್ದೆ ನನ್ ಬಣ್ಣ ತೆಗ್ಯಾಕೆ ನೀವ್ಯಾರು?"

ಅವನ ಎದುರಿಗೇ ಕೆಂಪನ್ನು ವಾಪಸ್ ತಂದೆ. ಮಾಲೀಕರಿಗೆ ಅವ್ವನೇ ಫೋನು ಮಾಡಿ ಒಪ್ಪಿಗೆ ಹೇಳಿದಳು. ಕೆಂಪೇ ಪ್ರಿಂಟಾಯಿತು.

ಮೊದಲ ಜೋರು ಮಳೆಯ ದಿನ ಅವ್ವ ಮಾಲೀಕರು ತನಗೇ ಕೊಟ್ಟುಬಿಟ್ಟಿದ್ದ ಅದೇ ಕೋಟು ತೊಟ್ಟು, ನನ್ನನ್ನೂ ಹೊರಡಿಸಿಕೊಂಡು ಕೆಲಮಂಗಲದ ಬಸ್ಸು ಹತ್ತಿದಳು. ತನ್ನ ಫ್ಲೆಕ್ಸಿನ ಮುಂದೆ ನಿಲ್ಲದೆ ನೆಟ್ಟಗೆ ದೊಡ್ಡಪ್ಪನ ಮನೆಗೆ ನಡೆದಳು. ಪಡಸಾಲೆಯ ಮೊಳೆಯಲ್ಲಿ ಅವನ ಕರಿ ಕೊಡೆ ನೇತಾಡುತ್ತಿತ್ತು. ಅದರ ಪಕ್ಕದ ಮೊಳೆಗೆ ಕೋಟು ತಗುಲಿಹಾಕಿ, "ಕಾಫಿ ಕೊಡಕ್ಕಾ" ಅಂತ ದೊಡ್ಡಮ್ಮನನ್ನು ಕೂಗುತ್ತ ಒಳಗೆ ಹೋದಳು.

ಕೋಟಿನಿಂದ ನೀರು ಸುರಿದು ಗಾರೆ ನೆಲ ಬಾಗಿಲವರೆಗೂ ಒದ್ದೆಯಾಯಿತು, ಅದರೊಳಗೆಲ್ಲ ಕೋಟಿನ ಕೆಂಪು ಬಿಂಬ. ದೊಡ್ಡಪ್ಪ ಅದನ್ನು ತುಳಿದುಕೊಂಡೇ ಹೊರಗೆ ಬರಬೇಕಾಯಿತು.