ಅಳಿಸಿದ ಮೇಲೂ ಉಳಿದ ಕಾಲರ್

ಹೊಲಿಗೆ ಘಟಕದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವಳು ಕಾಲರಕ್ಕ. ಇಪ್ಪತ್ತೆರಡು ವರ್ಷ ಅಂಗಿಗಳಿಗೆ ಕಾಲರ್ ಕೂರಿಸಿ ಕೂರಿಸಿ, ದಾರಿಯಲ್ಲಿ ಎದುರಾದ ಗಂಡಸರ ಮುಖಕ್ಕಿಂತ ಮೊದಲು ಕತ್ತಿನ ಸುತ್ತ ನೋಡುವ ಚಾಳಿ ಅಂಟಿಕೊಂಡಿತ್ತು. ಯಾರು ಹೊಲಿದ ಕಾಲರ್ ಆದರೂ ಅವಳ ಮೇಜಿಗೆ ಬಂದು, ದಾರದ ತುದಿ ಕತ್ತರಿಸಿಕೊಂಡು, ಆಮೇಲೆಯೇ ಮಾಸ್ಟರ್ ಕೈಗೆ ಹೋಗಬೇಕು. ಆ ಕತ್ತರಿಯೇ ಅವಳ ಅಧಿಕಾರ.

ನಾಲ್ಕು ತಿಂಗಳ ಹಿಂದೆ ದಪ್ಪ ಕನ್ನಡಕದ ಒಬ್ಬ ಹೆಂಗಸು ಕೆಲಸಕ್ಕೆ ಸೇರಿದಳು. ಮಾತು ಕಡಿಮೆ, ಕೈ ಚುರುಕು. ಶನಿವಾರ ಸಂಜೆ ಐದಕ್ಕೆ ಮಾಸ್ಟರ್ ಘಟಕದ ಗ್ರೂಪಿಗೆ ಒಂದು ಫೋಟೋ ಹಾಕಿ, ‘ಕನ್ನಡಕದವರ ಕಾಲರ್. ಇನ್ಮೇಲೆ ಎಲ್ಲರಿಗೂ ಇದೇ ಮಾದರಿ’ ಎಂದು ಬರೆದರು. ಇಪ್ಪತ್ತೆರಡು ವರ್ಷದಲ್ಲಿ ಕಾಲರಕ್ಕನ ಒಂದು ಹೊಲಿಗೆಯೂ ಫೋಟೋ ಆಗಿರಲಿಲ್ಲ. ಫೋಟೋವನ್ನು ದೊಡ್ಡದು ಮಾಡಿ ಮೂಲೆ ಮೂಲೆ ಹುಡುಕಿದಳು. ಒಂದು ಕುಂದೂ ಸಿಗಲಿಲ್ಲ. ಬಸ್ಸಿನಲ್ಲಿ ನಿಂತೇ ಬರೆದಳು: ‘ಅದು ವಕ್ರವಾಗಿತ್ತು. ಬಿಚ್ಚಿ ಮತ್ತೆ ಹೊಲಿದವಳು ನಾನು.’

ಹಸಿ ಸುಳ್ಳು. ಅವಳು ಮಾಡಿದ್ದು ದಾರ ಕತ್ತರಿಸಿದ್ದಷ್ಟೇ. ಆದರೆ ಕಾಲರ್ ಅವಳ ಮೇಜು ದಾಟಿಯೇ ಹೋಗಿತ್ತಲ್ಲ, ನಂಬದಿರುವುದು ಹೇಗೆ? ಮಾಸ್ಟರ್ ಆ ಸಂದೇಶವನ್ನೇ ಒತ್ತಿ ಹಿಡಿದು ಉತ್ತರಿಸಿದರು: ‘ಅನ್ಕೊಂಡೆ. ಇಂಥ ಕೈ ಬೇರೆ ಯಾರಿಗಿದೆ!’ ಅದರ ಕೆಳಗೆ ಚಪ್ಪಾಳೆಗಳ ಸಾಲು. ಕಾಲರಕ್ಕ ಅದನ್ನು ಹತ್ತು ಸಲ ಓದಿ ಸುಖಪಟ್ಟಳು. ಹನ್ನೊಂದನೇ ಸಲ ಯಾಕೋ ಓದಲಾಗದೆ ಫೋನನ್ನು ಚೀಲಕ್ಕೆ ಹಾಕಿದಳು.

ಭಾನುವಾರ ಮನೆಗೆ ಬಂದ ತಂಗಿಯ ಮಗಳನ್ನು ಏನೂ ಗೊತ್ತಿಲ್ಲದವಳಂತೆ ಕೇಳಿದಳು: “ಗ್ರೂಪಿಗೆ ಕಳಿಸಿದ್ದನ್ನ ವಾಪಸ್ ತಗೊಳ್ಳೋಕಾಗತ್ತೇನೇ?”

“ಆಗತ್ತೆ ದೊಡ್ಡಮ್ಮ. ‘ಎಲ್ಲರಿಗೂ ಅಳಿಸಿ’ ಅಂತ ಬರತ್ತೆ, ಅದನ್ನೇ ಒತ್ತಬೇಕು. ‘ನನಗೆ ಮಾತ್ರ’ ಒತ್ತಿದ್ರೆ ನಿಮ್ಮ ಫೋನಲ್ಲಷ್ಟೇ ಹೋಗತ್ತೆ, ಉಳಿದೋರ ಹತ್ರ ಹಾಗೇ ಇರತ್ತೆ. ಕಳಿಸಿ ಎರಡೂವರೆ ದಿನದ ಒಳಗೆ ಮಾಡ್ಬೇಕು. ಆಮೇಲೆ ಆ ಆಯ್ಕೆನೇ ಬರಲ್ಲ. ಅಳಿಸಿದ್ರೂ ಅಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಅಂತ ಒಂದು ಸಾಲು ಎಲ್ಲರಿಗೂ ಕಾಣತ್ತೆ. ಯಾಕೆ, ಏನ್ ಮಾಡ್ಕೊಂಡ್ರಿ?”

“ನಾನೇನ್ ಮಾಡ್ಕೊಳ್ಳಲಿ? ಸುಮ್ನೆ ಕೇಳ್ದೆ.”

ಮಂಗಳವಾರ ಬೆಳಗಿನವರೆಗೂ ಗಡುವಿದೆ. ಅಳಿಸಿದರೆ ಹೊಗಳಿಕೆಯೂ ಹೋಗುತ್ತದಲ್ಲ! ಸಂಕಟ ಇದ್ದದ್ದೇ ಅಲ್ಲಿ.

ಸೋಮವಾರ ಕಾಲರಕ್ಕ ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಬಂದಳು. ಕನ್ನಡಕದವಳು ಹತ್ತಿರ ಬಂದಾಗ ಏನನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದಳು. ಅವಳು ಬಂದದ್ದು ಒಂದು ಚೂರು ಬಟ್ಟೆ ಹಿಡಿದು.

“ಅಕ್ಕಾ, ನಾನು ಹೊಲಿದದ್ದು ಎಲ್ಲಿ ವಕ್ರ ಆಗಿತ್ತು? ನನ್ನ ಕಣ್ಣು ಮೊದಲಿನ ಹಾಗಿಲ್ಲ, ನೇರ ಇದೆ ಅಂತಾನೇ ಅನ್ಕೊಂಡಿದ್ದೆ. ಸ್ವಲ್ಪ ತೋರಿಸಿಕೊಡ್ತೀರಾ? ಕಣ್ಣು ಕೈಕೊಟ್ರೆ ಈ ಕೆಲಸಾನೇ ಬಿಡ್ಬೇಕಾಗತ್ತೆ.”

ಕಾಲರಕ್ಕ ತನ್ನ ಕತ್ತರಿಯತ್ತ ತಿರುಗಿ, “ಆಮೇಲೆ ನೋಡೋಣಮ್ಮ” ಎಂದಳು.

ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕೂತು ಸಂದೇಶವನ್ನು ಒತ್ತಿ ಹಿಡಿದಳು. ‘ಎಲ್ಲರಿಗೂ ಅಳಿಸಿ’ ಇನ್ನೂ ಇತ್ತು. ಒತ್ತಿದಳು. ‘ನೀವು ಈ ಸಂದೇಶವನ್ನು ಅಳಿಸಿದ್ದೀರಿ’ ಎಂದು ಬಂತು. ಉಸ್ಸಪ್ಪಾ ಎಂದು ಬೆರಳನ್ನು ಸ್ವಲ್ಪ ಕೆಳಗೆ ಸರಿಸಿದಳು. ಅಲ್ಲಿ ಮಾಸ್ಟರ್ ಉತ್ತರವಿತ್ತು. ಅದರ ತಲೆಯ ಮೇಲೆ, ಸಣ್ಣ ಚೌಕದಲ್ಲಿ, ಅವಳ ಮಾತು ಅಕ್ಷರವೂ ಅಳಿಯದೆ ಕೂತಿತ್ತು: ‘ಅದು ವಕ್ರವಾಗಿತ್ತು. ಬಿಚ್ಚಿ ಮತ್ತೆ ಹೊಲಿದವಳು ನಾನು.’

ಅದು ಮಾಸ್ಟರ್ ಸಂದೇಶ, ಅವಳ ಬೆರಳಿಗೆ ದಕ್ಕುವುದಲ್ಲ. ಅಳಿಸಿ ಎಂದು ಅವರನ್ನು ಕೇಳಿದರೆ, ಯಾಕೆ ಎನ್ನುತ್ತಾರೆ. ಅಷ್ಟರಲ್ಲಿ ಗುಂಡಿ ಹೊಲಿಯುವವಳು ಗ್ರೂಪಿನಲ್ಲೇ ಕೇಳಿದ್ದಳು: ‘ಕಾಲರಕ್ಕ, ಏನೋ ಅಳಿಸಿದ ಹಾಗಿದೆ?’ ಮೇಲೆ ಕಿಟಕಿಯ ಬೆಳಕಿನಲ್ಲಿ ಕನ್ನಡಕದವಳು ಆ ಚೂರು ಬಟ್ಟೆಯನ್ನು ಕಣ್ಣಿಗೆ ಹತ್ತಿರ, ದೂರ, ಮತ್ತೆ ಹತ್ತಿರ ಹಿಡಿಯುತ್ತಿದ್ದಳು.

ಕಾಲರಕ್ಕ ಬರೆದಳು: ‘ಕಾಲರ್ ನೇರವಾಗಿಯೇ ಇತ್ತು. ಹೊಲಿದವಳು ಅವಳೇ. ನಾನು ದಾರ ಮಾತ್ರ ಕತ್ತರಿಸಿದ್ದು. ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದೆ.’ ಕಳಿಸಿದಳು. ಕಳಿಸಿದ ಕ್ಷಣವೇ ಬೆರಳು ಆ ಹೊಸ ಸಂದೇಶವನ್ನೂ ಒತ್ತಿ ಹಿಡಿಯಿತು. ಎರಡೂವರೆ ದಿನ ಇದೆಯಲ್ಲ, ಈಗಲೇ ಅಳಿಸಿಬಿಟ್ಟರೆ...

ಫೋನ್ ಮಿಡಿಯಿತು. ಕನ್ನಡಕದವಳು ಆ ಸಂದೇಶವನ್ನೇ ಹಿಡಿದು ಉತ್ತರಿಸಿದ್ದಳು. ಮೇಲೆ ಚೌಕದಲ್ಲಿ ಕಾಲರಕ್ಕನ ತಪ್ಪೊಪ್ಪಿಗೆ, ಕೆಳಗೆ: ‘ಪರವಾಗಿಲ್ಲ ಅಕ್ಕ. ಸದ್ಯ, ನನ್ನ ಕಣ್ಣು ಸರಿ ಇದೆಯಲ್ಲ.’

ಇನ್ನು ಅಳಿಸಿಯೂ ಉಪಯೋಗವಿಲ್ಲ. ಕಾಲರಕ್ಕ ಫೋನನ್ನು ಮಡಿಲಿಗೆ ಹಾಕಿಕೊಂಡು ಅತ್ತಳು. ಅಳುತ್ತಲೇ ಹಲ್ಲು ಕಚ್ಚಿದಳು. ಥೂ, ಕ್ಷಮಿಸುವುದರಲ್ಲೂ ಇವಳದೇ ಮಾದರಿ!